ಅರ್ಜಿಗೆ ತಕ್ಕ ವಿಳಾಸ: ಆನೆಯಿಂದ ಬೆಳೆ ನಷ್ಟವಾದಾಗ ಯಾವ ಕಚೇರಿಗೆ ಬರೆಯಬೇಕು

ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಾಡಂಚಿನ ಗ್ರಾಮಗಳ ರೈತರು ರಾಗಿಯು ತೆನೆ ಕಟ್ಟುವ ಕಾಲದಲ್ಲಿ ರಾತ್ರಿಯೆಲ್ಲಾ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವುದು ಎಲ್ಲರಿಗೂ ತಿಳಿದ ಸಂಗತಿಯಾಗಿದೆ. ಹೀಗೆ ಕಾಯ್ದರೂ ಆನೆಗಳು ಒಂದು ರಾತ್ರಿ ನುಗ್ಗಿದುವೆಂದರೆ ನಾಲ್ಕು ತಿಂಗಳ ದುಡಿಮೆಯು ಬೆಳಗಾಗುವುದರೊಳಗೆ ಮಣ್ಣುಪಾಲಾಗುತ್ತದೆ. ಇಂಥ ನಷ್ಟಕ್ಕೆ ಸರ್ಕಾರದವರು ಪರಿಹಾರಧನವನ್ನು ಕೊಡುವ ಏರ್ಪಾಡು ಇದ್ದೇ ಇದೆ. ಆದರೆ ಆ ಹಣಕ್ಕಾಗಿ ಬರೆಯುವ ಅರ್ಜಿಗಳಲ್ಲಿ ಕೆಲವು ಫಲಕಾರಿಯಾಗದೆ ಹೋಗುವುದಕ್ಕೆ ಕಾರಣವು ಅರ್ಜಿಯ ಒಳಗಿರುವುದಿಲ್ಲ, ಲಕೋಟೆಯ ಮೇಲಿರುತ್ತದೆ.

ನಿದರ್ಶನಕ್ಕಾಗಿ ಅಂತರಸಂತೆಯ ಕಡೆಯ ಒಬ್ಬ ಜಮೀನುದಾರನ ಸಂಗತಿಯನ್ನು ಭಾವಿಸಿಕೊಳ್ಳಬಹುದು. ನವೆಂಬರ್ ತಿಂಗಳಿನ ಒಂದು ರಾತ್ರಿ ಆತನ ಎರಡು ಎಕರೆ ರಾಗಿಯಲ್ಲಿ ಹೆಚ್ಚು ಭಾಗವನ್ನು ಆನೆಗಳು ತಿಂದು ತುಳಿದು ಹಾಳುಮಾಡಿದುವು. ಗ್ರಾಮದ ಹಿರಿಯರು ಕೂಡಿ ಒಂದು ಅರ್ಜಿಯನ್ನು ಬರೆಯಿಸಿದರು. ದೊಡ್ಡ ಕಚೇರಿಗೆ ಬರೆದರೆ ಬೇಗ ಕೆಲಸವಾಗುವುದೆಂಬ ನಂಬಿಕೆಯಿಂದ ‘ಮಾನ್ಯ ಅರಣ್ಯ ಇಲಾಖೆಯವರಿಗೆ, ವಿಧಾನಸೌಧ, ಬೆಂಗಳೂರು’ ಎಂದು ವಿಳಾಸವನ್ನು ಹಾಕಿ ಅಂಚೆಗೆ ಕೊಟ್ಟರು. ಅದರಲ್ಲಿಯೇ ಪರಿಹಾರವನ್ನೂ, ಗ್ರಾಮದ ಎಲ್ಲೆಯಲ್ಲಿ ಹೂತು ಹೋಗಿರುವ ಆನೆಕಂದಕದ ದುರಸ್ತಿಯನ್ನೂ, ಪುಂಡಾನೆಯೊಂದನ್ನು ಹಿಡಿದು ಸಾಗಿಸಬೇಕೆಂಬುದನ್ನೂ ಕೇಳಿದ್ದರು.

ಈ ಅರ್ಜಿಯು ಹೋಗುವ ದಾರಿಯನ್ನು ನೋಡತಕ್ಕದ್ದು. ಮೊದಲು ಅದು ಸಚಿವಾಲಯದ ಟಪಾಲು ಶಾಖೆಗೆ ಹೋಗುತ್ತದೆ. ಅಲ್ಲಿಂದ ಅರಣ್ಯಕ್ಕೆ ಸಂಬಂಧಪಟ್ಟ ಸಚಿವಾಲಯದ ಇಲಾಖೆಗೆ, ಅಲ್ಲಿಂದ ಮಲ್ಲೇಶ್ವರದ ಅರಣ್ಯ ಭವನಕ್ಕೆ, ಅಲ್ಲಿಂದ ಮೈಸೂರಿನ ವೃತ್ತ ಕಚೇರಿಗೆ ಅಥವಾ ನೇರವಾಗಿ ಹುಣಸೂರಿನ ಕಚೇರಿಗೆ, ಅಲ್ಲಿಂದ ವಲಯ ಅರಣ್ಯಾಧಿಕಾರಿಗೆ ಇಳಿದು ಬರುತ್ತದೆ. ಪ್ರತಿಯೊಂದು ಕಚೇರಿಯಲ್ಲಿಯೂ ಅದಕ್ಕೆ ಒಂದು ಸಂಖ್ಯೆ ಬೀಳುತ್ತದೆ, ಒಂದು ಹೊದಿಕೆ ಪತ್ರ ಸೇರುತ್ತದೆ. ಆ ಪತ್ರದಲ್ಲಿ ‘ಪರಿಶೀಲಿಸಿ ವರದಿ ಸಲ್ಲಿಸುವುದು’ ಎಂಬ ಒಂದೇ ವಾಕ್ಯವಿರುತ್ತದೆ. ಯಾರೂ ಕರ್ತವ್ಯವನ್ನು ತಪ್ಪಿದವರಲ್ಲ. ಹೊಲವನ್ನು ನೋಡದೆ ಬೆಂಗಳೂರಿನಲ್ಲಿ ಕುಳಿತವರು ಬೇರೇನನ್ನೂ ಬರೆಯಲಾರರು. ಆದರೆ ವಲಯದ ಸಿಬ್ಬಂದಿಯು ಆ ಕಾಗದವನ್ನು ಹಿಡಿದು ಹೊಲಕ್ಕೆ ಬರುವ ವೇಳೆಗೆ ಉಳಿದ ರಾಗಿಯು ಕುಯಿಲಾಗಿ, ಹುಲ್ಲು ಬಣವೆಯಾಗಿ, ನೆಲಕ್ಕೆ ಒಂದು ಉಳುಮೆಯೂ ಆಗಿರುತ್ತದೆ. ಹೆಜ್ಜೆಯಿಲ್ಲ, ಲದ್ದಿಯಿಲ್ಲ, ತುಳಿದ ಪೈರಿಲ್ಲ. ನಷ್ಟವು ಕಂಡುಬರುವುದಿಲ್ಲವೆಂದು ವರದಿಯಾದರೆ ಆ ವರದಿಯನ್ನು ಸುಳ್ಳೆನ್ನುವುದಕ್ಕೂ ಆಧಾರವಿರುವುದಿಲ್ಲ.

ಇಲ್ಲಿ ಮೊದಲು ತಿಳಿಯಬೇಕಾದುದು ಒಂದಿದೆ. ಅರ್ಜಿಯ ವಿಳಾಸವನ್ನು ಗೊತ್ತುಮಾಡುವುದು ನಡೆದ ಸಂಗತಿಯಲ್ಲ, ಕೇಳುವ ಕೋರಿಕೆ. ಆನೆ ಬಂದುದು ಒಂದೇ ರಾತ್ರಿಯಾದರೂ ಮೇಲ್ಕಂಡ ಅರ್ಜಿಯಲ್ಲಿ ಮೂರು ಕೋರಿಕೆಗಳಿವೆ, ಆ ಮೂರನ್ನು ತೀರ್ಮಾನಿಸುವ ಅಧಿಕಾರವು ಮೂರು ಮೆಟ್ಟಿಲುಗಳಲ್ಲಿದೆ. ಬೆಳೆಯ ನಷ್ಟವನ್ನು ಸ್ಥಳದಲ್ಲಿ ನೋಡಿ ಅಂದಾಜು ಮಾಡುವ ಕೆಲಸವು ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ ಮೊದಲಾಗುತ್ತದೆ. ಕಂದಕ, ಸೌರಬೇಲಿ, ರೈಲುಕಂಬಿಯ ತಡೆ ಮುಂತಾದುವುಗಳಿಗೆ ಅಂದಾಜು ಪಟ್ಟಿಯೂ ಹಣವೂ ಬೇಕಾದುದರಿಂದ ಅವು ವಲಯದ ಕೈಯಲ್ಲಿಲ್ಲ. ವಿಭಾಗದ ಮುಖ್ಯಸ್ಥರಿಗೆ ಸೇರಿದುವು. ಆನೆಯನ್ನು ಹಿಡಿಯುವುದಂತೂ ವಿಭಾಗದ ಅಧಿಕಾರಕ್ಕೂ ಮೀರಿದುದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಆನೆಯು ಮೊದಲನೆಯ ಅನುಸೂಚಿಯಲ್ಲಿದ್ದು, ಅದನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಗಳನ್ನು ಬರೆದು ಅಪ್ಪಣೆ ಕೊಡಬೇಕಾಗುತ್ತದೆ. ಬೆಳೆಯನ್ನು ಕಾಯಲು ಕೋವಿಯ ಪರವಾನಗಿ ಬೇಕೆಂದು ಕೆಲವರು ಇದೇ ಅರ್ಜಿಯಲ್ಲಿ ಇನ್ನೊಂದು ಸಾಲನ್ನು ಸೇರಿಸುವುದುಂಟು. ಅದು ಅರಣ್ಯ ಇಲಾಖೆಯ ವಿಷಯವೇ ಅಲ್ಲ. ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ ಸೇರಿದುದು.

ನಾಲ್ಕು ಕೋರಿಕೆಗಳುಳ್ಳ ಒಂದೇ ಅರ್ಜಿಯು ಕಚೇರಿಗೆ ಬಂದಾಗ, ಅದನ್ನು ನೋಡುವ ವಿಷಯ ನಿರ್ವಾಹಕನು ತನ್ನ ಶಾಖೆಗೆ ಸೇರಿದ ಸಾಲನ್ನು ಹಿಡಿದುಕೊಂಡು ಮಿಕ್ಕುದನ್ನು ಬಿಡುತ್ತಾನೆ, ಇಲ್ಲವೆ ಇಡೀ ಕಾಗದವನ್ನೇ ಬೇರೆ ಶಾಖೆಗೆ ಕಳುಹಿಸಿಬಿಡುತ್ತಾನೆ. ಆದುದರಿಂದ ಒಂದು ಕೋರಿಕೆಗೆ ಒಂದು ಅರ್ಜಿ, ಒಂದು ಲಕೋಟೆ ಎಂದು ಬೇರೆ ಬೇರೆ ಮಾಡತಕ್ಕದ್ದು. ಹತ್ತು ರೂಪಾಯಿ ಉಳಿಸಲು ಹೋಗಿ ಒಂದು ಬೆಳೆಯ ಪರಿಹಾರವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಇನ್ನು ವಲಯವನ್ನು ಗೊತ್ತುಮಾಡುವ ಬಗೆ. ಕೋಟೆಯ ಸೀಮೆಯಲ್ಲಿ ಇದು ಬೇರೆಡೆಗಿಂತ ತೊಡಕಾಗಿದೆ, ಏಕೆಂದರೆ ಇಲ್ಲಿ ಕಾಡಿನ ಆಡಳಿತವು ಒಂದೇ ಕೈಯಲ್ಲಿಲ್ಲ. ಕಬಿನಿಯ ಹಿನ್ನೀರಿಗೆ ಉತ್ತರದ ಅಂತರಸಂತೆ, ಡಿ.ಬಿ. ಕುಪ್ಪೆ, ಮೇಟಿಕುಪ್ಪೆ ವಲಯಗಳು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದುವು. ಅದರ ನಿರ್ದೇಶಕರ ಕಚೇರಿಯು ಹುಣಸೂರಿನಲ್ಲಿದೆ. ಹಿನ್ನೀರಿನ ದಕ್ಷಿಣದ ಎನ್. ಬೇಗೂರು, ಗುಂಡ್ರೆ, ಮೊಳೆಯೂರು ವಲಯಗಳು ಬಂಡೀಪುರಕ್ಕೆ ಸೇರಿದುವು. ಬಂಡೀಪುರವಿರುವುದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೇರದ ಕಾಡುಗಳೂ ಒಳನಾಡಿನ ಗ್ರಾಮಗಳೂ ಮೈಸೂರಿನ ಪ್ರಾದೇಶಿಕ ವಿಭಾಗದ ವಲಯಗಳ ಪಾಲಿಗೆ ಬರುತ್ತವೆ. ಹೀಗಾಗಿ ಮೈಸೂರು ಜಿಲ್ಲೆಗೆ ಕಂದಾಯ ಕಟ್ಟುವ ರೈತನೊಬ್ಬನು ಕಂದಕದ ವಿಷಯದಲ್ಲಿ ಚಾಮರಾಜನಗರ ಜಿಲ್ಲೆಯ ಕಚೇರಿಗೆ ಬರೆಯಬೇಕಾಗಿ ಬರುವುದುಂಟು. ಕಂದಾಯದ ಎಲ್ಲೆ ಬೇರೆ, ಕಾಡಿನ ಎಲ್ಲೆ ಬೇರೆ. ಹೊಳೆಯ ಈಚೆಯವನು ಬಂಡೀಪುರಕ್ಕೂ ಆಚೆಯವನು ಹುಣಸೂರಿಗೂ ಬರೆದರೆ ಎರಡೂ ಕಾಗದಗಳು ಸುಮ್ಮನೆ ಸುತ್ತುತ್ತವೆ.

ತನ್ನ ಗ್ರಾಮವು ಯಾವ ವಲಯದ ಪಾಲಿನದೆಂಬುದನ್ನು ನಷ್ಟವಾದ ಮೇಲೆ ವಿಚಾರಿಸುವುದಕ್ಕಿಂತ ಬಿತ್ತನೆಯ ಕಾಲದಲ್ಲಿಯೇ ವಿಚಾರಿಸಿಟ್ಟುಕೊಳ್ಳುವುದು ಲೇಸು. ಸಮೀಪದ ವಲಯ ಕಚೇರಿಯಲ್ಲಿ ಗ್ರಾಮದ ಹೆಸರು, ಹೋಬಳಿ, ಸರ್ವೆ ನಂಬರುಗಳನ್ನು ಹೇಳಿ ಕೇಳಿದರೆ ತಿಳಿಯುತ್ತದೆ. ನೆರೆಯ ಗ್ರಾಮದವರಿಗೆ ಹಿಂದೆ ಪರಿಹಾರ ಬಂದಿದ್ದರೆ ಅವರ ಬಳಿಯಿರುವ ಕಾಗದದ ಮೇಲಿನ ಮೊಹರು ಇನ್ನೂ ಒಳ್ಳೆಯ ಸಾಕ್ಷಿ. ಗ್ರಾಮದ ಯಜಮಾನರು ವಲಯದ ಹೆಸರನ್ನೂ ಕಚೇರಿಯಿರುವ ಸ್ಥಳವನ್ನೂ ಒಂದು ಹಲಗೆಯ ಮೇಲೆ ಬರೆಯಿಸಿ ಪಂಚಾಯತಿಯ ಚಾವಡಿಯಲ್ಲಿ ತೂಗುಹಾಕಿಸಿದರೆ ಊರಿಗೆಲ್ಲಾ ಉಪಯೋಗವಾಗುತ್ತದೆ.

ಎಲ್ಲಾ ಬೆಳೆ ನಷ್ಟವೂ ಅರಣ್ಯ ಇಲಾಖೆಗೆ ಸೇರಿದ್ದಲ್ಲ. ಆನೆ, ಹಂದಿ, ಜಿಂಕೆಗಳ ಕಾಟವಾದರೆ ವಲಯ ಅರಣ್ಯಾಧಿಕಾರಿ. ಮಳೆ, ಬರ, ನೆರೆಗಳಾದರೆ ತಹಶೀಲ್ದಾರರು. ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಬಿದ್ದರೆ ವಿಮಾ ಸಂಸ್ಥೆಗೆ ನೇರವಾಗಿಯಾಗಲಿ, ಬ್ಯಾಂಕಿನ ಅಥವಾ ಕೃಷಿ ಇಲಾಖೆಯ ಮೂಲಕವಾಗಲಿ 72 ಗಂಟೆಗಳೊಳಗೆ ತಿಳಿಸಬೇಕು. ಇದಕ್ಕೆ ಅಂಚೆಯನ್ನು ನಂಬಿ ಕೂರಬಾರದು. ಕಾಡುಪ್ರಾಣಿಯ ಕಾಟವೆಂದರೂ ಯಾವ ಪ್ರಾಣಿಯೆಂಬುದನ್ನು ಅರ್ಜಿಯಲ್ಲಿ ಸರಿಯಾಗಿ ಬರೆಯಬೇಕು. ಆನೆಯು ರಾಗಿಯನ್ನು ಸೊಂಡಿಲಿನಿಂದ ಹಿಡಿಹಿಡಿಯಾಗಿ ಕಿತ್ತು, ಬೇರಿನ ಮಣ್ಣನ್ನು ಕೊಡವಿ ತಿನ್ನುತ್ತದೆ. ಅಗಲವಾದ ಗುಂಡು ಹೆಜ್ಜೆಗಳೂ ದೊಡ್ಡ ಲದ್ದಿಯುಂಡೆಗಳೂ ಉಳಿಯುತ್ತವೆ. ಹಂದಿಯು ಮೂತಿಯಿಂದ ನೆಲವನ್ನು ಬಗೆದು ಗೆರೆಗೆರೆಯಾಗಿ ಕೆದರಿರುತ್ತದೆ. ಹಂದಿ ಬಗೆದ ಹೊಲಕ್ಕೆ ಆನೆಯೆಂದು ಬರೆದ ಅರ್ಜಿಯು ಸ್ಥಳ ಪರಿಶೀಲನೆಯ ದಿನವೇ ಬಿದ್ದುಹೋಗುತ್ತದೆ. ಆಮೇಲೆ ನಿಜವಾಗಿ ಆನೆ ಬಂದಾಗಲೂ ಆ ಗ್ರಾಮದ ಮಾತಿಗೆ ಬೆಲೆ ಇರುವುದಿಲ್ಲ.

ಮೊದಲು ಹೇಳಿದ ಜಮೀನುದಾರನು ಈ ಕ್ರಮದಲ್ಲಿ ನಡೆದಿದ್ದರೆ ಏನಾಗುತ್ತಿತ್ತೆಂದು ನೋಡೋಣ. ಬೆಳಗಾದೊಡನೆ ಹೊಲದ ಚಿತ್ರಗಳನ್ನು ತೆಗೆಯಿಸಿ, ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕದ ನಕಲುಗಳೊಡನೆ ಪರಿಹಾರದ ಅರ್ಜಿಯನ್ನು ವಲಯ ಕಚೇರಿಯಲ್ಲಿ ತಾನೇ ಕೊಡುತ್ತಿದ್ದನು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳುತ್ತಿದ್ದನು. ಈಗ ಇಂಥ ಅರ್ಜಿಗಳನ್ನು ಅರಣ್ಯ ಇಲಾಖೆಯವರು ‘ಇ-ಪರಿಹಾರ’ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲು ಮಾಡುತ್ತಾರೆ. ಆ ದಾಖಲೆಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ಅಗತ್ಯ. ಮುಂದಿನ ಎಲ್ಲಾ ಪತ್ರಗಳಲ್ಲಿಯೂ ಅದೇ ಆಧಾರವಾಗುತ್ತದೆ. ಪರಿಶೀಲನೆಯಾಗುವ ತನಕ ಹಾಳಾದ ಭಾಗವನ್ನು ಕುಯ್ಯದೆ, ಉಳದೆ ಬಿಡುವುದು ಒಳ್ಳೆಯದು.

ಕಂದಕದ ಅರ್ಜಿಯಾದರೆ ಅಂಚೆಯಲ್ಲಿ ಹುಣಸೂರಿಗೆ ಹೋಗತಕ್ಕದ್ದು. ಅದರ ವಿಳಾಸ ಹೀಗಿರುತ್ತದೆ:

ನಿರ್ದೇಶಕರು,
ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ,
ಹುಣಸೂರು, ಮೈಸೂರು ಜಿಲ್ಲೆ – 571105

ಪುಂಡಾನೆಯ ಅರ್ಜಿಯು ಬೆಂಗಳೂರಿಗೆ ಹೋಗಬೇಕಾದರೂ ವಿಧಾನಸೌಧಕ್ಕಲ್ಲ:

ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ (ವನ್ಯಜೀವಿ) ಹಾಗೂ ಮುಖ್ಯ ವನ್ಯಜೀವಿ ಪರಿಪಾಲಕರು,
ಅರಣ್ಯ ಭವನ, 18ನೆಯ ಅಡ್ಡರಸ್ತೆ,
ಮಲ್ಲೇಶ್ವರಂ, ಬೆಂಗಳೂರು – 560003

ಈ ಎರಡರಲ್ಲಿಯೂ ಅಧಿಕಾರಿಯ ಸ್ವಂತ ಹೆಸರಿಲ್ಲದಿರುವುದನ್ನು ವಾಚಕರು ಗಮನಿಸಬೇಕು. ಹೆಸರನ್ನು ಬರೆದರೆ, ಆ ಅಧಿಕಾರಿಯು ವರ್ಗವಾಗಿ ಹೋದ ಪಕ್ಷದಲ್ಲಿ ಕಾಗದವು ಅವರನ್ನು ಹಿಂಬಾಲಿಸಿ ಹೋಗುವ ಸಂಭವವುಂಟು. ಹುದ್ದೆಯು ಎಲ್ಲಿಗೂ ಹೋಗುವುದಿಲ್ಲ. ಹುಣಸೂರಿನ ವಿಳಾಸದಲ್ಲಿ ಅಧಿಕಾರಿಯ ದರ್ಜೆಯನ್ನೂ ಬರೆದಿಲ್ಲ. ನಿರ್ದೇಶಕರ ಸ್ಥಾನದಲ್ಲಿ ಒಮ್ಮೊಮ್ಮೆ ಒಂದೊಂದು ದರ್ಜೆಯವರು ಇರುವುದುಂಟಾದುದರಿಂದ ‘ನಿರ್ದೇಶಕರು’ ಎಂದರೆ ಸಾಕು.

ಅರಣ್ಯ ಭವನವನ್ನೂ ಸಚಿವಾಲಯವನ್ನೂ ಒಂದೇ ಎಂದು ತಿಳಿಯುವುದು ಬಹು ಸಾಮಾನ್ಯವಾದ ತಪ್ಪು. ಅರಣ್ಯ ಭವನದಲ್ಲಿರುವವರು ಇಲಾಖೆಯನ್ನು ನಡೆಸುವ ಮುಖ್ಯಸ್ಥರು. ಡಾ. ಬಿ.ಆರ್. ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿರುವುದು ಅರಣ್ಯ, ಜೀವಿಪರಿಸ್ಥಿತಿ ಮತ್ತು ಪರಿಸರ ಇಲಾಖೆಯೆಂಬ ಸಚಿವಾಲಯದ ಇಲಾಖೆ. ಪರಿಹಾರದ ದರವೆಷ್ಟಿರಬೇಕು, ನಿಯಮವು ಹೇಗಿರಬೇಕು ಎಂಬಂಥ ಆದೇಶಗಳು ಹೊರಡುವುದು ಅಲ್ಲಿಂದ. ದರವನ್ನೇ ಹೆಚ್ಚಿಸಬೇಕೆಂದು ರೈತರು ಕೂಡಿ ಬರೆಯುವ ಮನವಿಗೆ ಆ ವಿಳಾಸವು ಸರಿಯಾದುದು. ಒಬ್ಬನ ಎರಡು ಎಕರೆ ರಾಗಿಗೆ ಅದು ಸರಿಯಲ್ಲ. ಕೃಷಿಯಲ್ಲಿಯೂ ಹೀಗೆಯೇ ಸಚಿವಾಲಯದ ಇಲಾಖೆಯು ಬಹುಮಹಡಿ ಕಟ್ಟಡದಲ್ಲಿದೆ, ಕೃಷಿ ಆಯುಕ್ತರ ಕಚೇರಿಯು ಶೇಷಾದ್ರಿ ರಸ್ತೆಯಲ್ಲಿದೆ.

ಇಷ್ಟಾದ ಮೇಲೆ ಶಾಖೆಯ ಪ್ರಶ್ನೆ ಉಳಿಯುತ್ತದೆ. ದೊಡ್ಡ ಕಚೇರಿಗಳಲ್ಲಿ ಕಾಗದಗಳು ಅಧಿಕಾರಿಯ ಮೇಜಿಗೆ ನೇರವಾಗಿ ಹೋಗುವುದಿಲ್ಲ. ಟಪಾಲಿನವರು ಅರ್ಜಿಯ ‘ವಿಷಯ’ವೆಂಬ ಸಾಲನ್ನು ಓದಿ ಶಾಖೆಗೆ ಹಂಚುತ್ತಾರೆ. ಆ ಸಾಲಿನಲ್ಲಿ ‘ನಮ್ಮ ಕಷ್ಟದ ಬಗ್ಗೆ’ ಎಂದಿದ್ದರೆ ಅವರು ತಾನೆ ಏನು ಮಾಡಿಯಾರು? ‘ಇಂಥ ಗ್ರಾಮದ ಸರ್ವೆ ನಂಬರು ಇಂತಿಷ್ಟರ ಬಳಿ ಆನೆಕಂದಕದ ದುರಸ್ತಿ’ ಎಂದು ಬರೆದರೆ ಕಾಗದವು ತಾನಾಗಿಯೇ ದಾರಿ ಹಿಡಿಯುತ್ತದೆ.

ಶಾಖೆಯ ಹೆಸರನ್ನು ತಿಳಿಯಲು ಬಹು ಸುಲಭವಾದ ಉಪಾಯವೊಂದಿದೆ. ಅದೇ ವಿಷಯದಲ್ಲಿ ಹಿಂದೆ ಬಂದ ಯಾವುದಾದರೂ ಸರ್ಕಾರಿ ಕಾಗದದ ಎಡಮೇಲಿನ ಸಂಖ್ಯೆಯನ್ನು ನೋಡುವುದು. ಸಚಿವಾಲಯದ ಪತ್ರವಾದರೆ ಅದು ‘ಕಂಇ’, ‘ಅಪಜೀ’ ಎಂಬಂಥ ಅಕ್ಷರಗಳಿಂದ ಮೊದಲಾಗುತ್ತದೆ. ‘ಕಂಇ’ ಎಂದರೆ ಕಂದಾಯ, ‘ಅಪಜೀ’ ಎಂದರೆ ಅರಣ್ಯ. ಅನಂತರ ಒಂದು ಅಂಕಿ, ಅದು ಕಡತದ ಸಂಖ್ಯೆ. ಆ ಬಳಿಕ ಬರುವ ಎರಡು ಮೂರು ಆಂಗ್ಲ ಅಕ್ಷರಗಳ ಗುರುತು ಆ ವಿಷಯವನ್ನು ನೋಡುವ ಶಾಖೆಯನ್ನು ಸೂಚಿಸುತ್ತದೆ. ಕೊನೆಯದು ವರ್ಷ. ಜನರು ಸಾಮಾನ್ಯವಾಗಿ ತಾರೀಖನ್ನು ಬರೆದುಕೊಂಡು ಈ ಗುರುತನ್ನು ಬಿಟ್ಟುಬಿಡುತ್ತಾರೆ. ಅದನ್ನು ಇದ್ದಂತೆಯೇ ‘ಉಲ್ಲೇಖ’ವೆಂದು ಹೊಸ ಅರ್ಜಿಯ ತಲೆಯಲ್ಲಿ ಬರೆದರೆ, ಹೊಸ ಕಾಗದವು ಹಳೆಯ ಕಡತವನ್ನು ಹುಡುಕಿಕೊಂಡು ಹೋಗುತ್ತದೆ, ಬರೆಯದಿದ್ದರೆ ಹೊಸ ಕಡತವೊಂದು ಹುಟ್ಟಿ, ಹಳೆಯದು ಬೇರೊಂದು ಬೀರುವಿನಲ್ಲಿ ಮಲಗಿರುತ್ತದೆ.

ಹಳೆಯ ಕಾಗದವೇ ಇಲ್ಲದವರು 2005ರ ಮಾಹಿತಿ ಹಕ್ಕು ಅಧಿನಿಯಮವನ್ನು ಆಶ್ರಯಿಸಬಹುದು. ಪ್ರತಿಯೊಂದು ಸರ್ಕಾರಿ ಕಚೇರಿಯೂ ತನ್ನ ದಾಖಲೆಗಳ ಸೂಚಿಯನ್ನೂ, ತನ್ನಲ್ಲಿ ಯಾರು ಯಾರು ಯಾವ ಕೆಲಸ ನೋಡುವರೆಂಬುದನ್ನೂ ಪ್ರಕಟಿಸಿಡಬೇಕೆಂದು ಅದರ 4ನೆಯ ಪ್ರಕರಣವು ವಿಧಿಸಿದೆ. ಕಚೇರಿಗೆ ಹೋದವರು ‘ನಾಲ್ಕು ಒಂದು ಬಿ’ ಪುಸ್ತಕವನ್ನು ತೋರಿಸಿರೆಂದು ಕೇಳಿದರೆ ಸಿಬ್ಬಂದಿಗೆ ತಿಳಿಯುತ್ತದೆ. ಕಳುಹಿಸಿದ ಅರ್ಜಿಯು ಎಲ್ಲಿ ಹೋಯಿತೆಂದೇ ತಿಳಿಯದಿದ್ದಾಗ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರನ್ನು ಲಗತ್ತಿಸಿ, ಆ ಅರ್ಜಿಯು ಈಗ ಯಾವ ಶಾಖೆಯ ಯಾವ ಕಡತದಲ್ಲಿದೆಯೆಂದು ಸಾರ್ವಜನಿಕ ಮಾಹಿತಿ ಅಧಿಕಾರಿಯನ್ನು ಕೇಳಬಹುದು. ಕರ್ನಾಟಕದ ನಿಯಮದಂತೆ ಇಂಥ ಅರ್ಜಿಯು ಒಂದೇ ವಿಷಯಕ್ಕೆ ಸೇರಿದ್ದು 150 ಶಬ್ದಗಳನ್ನು ಮೀರದಂತಿರಬೇಕು. ಉತ್ತರಕ್ಕೆ 30 ದಿನಗಳ ಅವಧಿಯುಂಟು.

ಈ ಅರ್ಜಿಯಲ್ಲಿ ಇನ್ನೊಂದು ವಿಶೇಷವಿದೆ. ಅದು ತಪ್ಪು ಕಚೇರಿಗೆ ಹೋದರೂ, ಅವರು ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ ಅರ್ಜಿದಾರನಿಗೂ ತಿಳಿಸಬೇಕೆಂದು 6ನೆಯ ಪ್ರಕರಣದಲ್ಲಿದೆ. ಸಾಮಾನ್ಯ ಮನವಿಗೆ ಈ ಅಧಿನಿಯಮದ ಕಟ್ಟು ಅನ್ವಯಿಸದು. ಎಂದರೆ, ಸರಿಯಾದ ವಿಳಾಸ ಯಾವುದೆಂದು ತಿಳಿಯುವುದಕ್ಕೆ ಈ ಅರ್ಜಿಯು ಒಂದು ಸಾಧನವಾಗುತ್ತದೆ. ವರ್ಗಾವಣೆಯ ಪತ್ರವು ಯಾವ ಕಚೇರಿಯ ಹೆಸರನ್ನು ಹೇಳುವುದೋ ಅದೇ ಹುಡುಕುತ್ತಿದ್ದ ವಿಳಾಸ. ಆದರೆ ಇದರಿಂದ ಪರಿಹಾರವೇ ಮಂಜೂರಾಗುವುದೆಂದು ತಿಳಿಯಬಾರದು. ಇದು ಕಡತವಿರುವ ಸ್ಥಳವನ್ನು ತೋರಿಸುತ್ತದೆ, ಅಷ್ಟೆ.

ಮುಖ್ಯಮಂತ್ರಿಗಳಿಂದ ಮೊದಲುಗೊಂಡು ತಹಶೀಲ್ದಾರರವರೆಗೆ ಹತ್ತು ಕಡೆಗೆ ಒಂದೇ ಅರ್ಜಿಯನ್ನು ಕಳುಹಿಸುವ ರೂಢಿಯು ಹಲವು ಗ್ರಾಮಗಳಲ್ಲಿದೆ. ಇದರಿಂದ ಕೆಡಕೇ ಹೆಚ್ಚು. ಕೆಳಗೆ ಹತ್ತು ಪ್ರತಿಗಳ ಪಟ್ಟಿಯನ್ನು ಕಂಡ ಪ್ರತಿಯೊಬ್ಬ ಅಧಿಕಾರಿಯೂ ಮಿಕ್ಕ ಒಂಬತ್ತು ಮಂದಿಯಲ್ಲಿ ಯಾರಾದರೂ ಕ್ರಮ ಕೈಗೊಳ್ಳುವರೆಂದು ಭಾವಿಸುವುದು ಸಹಜ. ಮೂಲ ಅರ್ಜಿಯು ಒಬ್ಬರಿಗೇ ಇರಲಿ. ತಿಂಗಳು ಕಳೆದರೂ ಉತ್ತರವಿಲ್ಲವಾದರೆ, ವಲಯದ ಮೊಹರುಳ್ಳ ಪ್ರತಿಯ ನಕಲನ್ನು ಲಗತ್ತಿಸಿ ವಿಭಾಗದ ಮುಖ್ಯಸ್ಥರಿಗೆ ಬರೆಯಬಹುದು. ಆಗ ಆ ಕಾಗದವು ದೂರಾಗುತ್ತದೆಯೇ ಹೊರತು ಹೊಸ ಅರ್ಜಿಯಾಗುವುದಿಲ್ಲ. ಮೇಲಿನವರು ಕೆಳಗಿನವರನ್ನು ಏನು ಕೇಳಬೇಕೆಂಬುದೂ ಸ್ಪಷ್ಟವಾಗಿರುತ್ತದೆ.

ಅಂಚೆಯ ವಿಷಯದಲ್ಲಿ ಎರಡು ಮಾತುಗಳಿವೆ. ಹಿಂದಿನಿಂದ ರೂಢಿಯಲ್ಲಿದ್ದ ರಿಜಿಸ್ಟರ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಆದುದರಿಂದ ಅಂಚೆಯ ಕಚೇರಿಯಲ್ಲಿ ಸ್ಪೀಡ್ ಪೋಸ್ಟನ್ನು ಕೇಳಿ, ಮುಟ್ಟಿದ ದಾಖಲೆಯೂ ಬೇಕೆಂದು ಹೇಳಿ, ರಸೀತಿಯನ್ನು ಅರ್ಜಿಯ ನಕಲಿಗೆ ಅಂಟಿಸಿಡತಕ್ಕದ್ದು. ಪಿನ್ ಸಂಖ್ಯೆಯನ್ನು ಊಹಿಸಿ ಬರೆಯಬಾರದು. 1972ರಲ್ಲಿ ಜಾರಿಗೆ ಬಂದ ಈ ಸಂಖ್ಯೆಯ ಕೊನೆಯ ಮೂರು ಅಂಕಿಗಳು ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಹುಣಸೂರು 571105, ಹೆಗ್ಗಡದೇವನಕೋಟೆ 571114, ಪಿರಿಯಾಪಟ್ಟಣ 571107. ಮೊದಲಿನ ಮೂರು ಅಂಕಿಗಳು ಒಂದೇ ಆಗಿರುವುದರಿಂದ ಬರೆಯುವವನ ಕೈ ತಪ್ಪುವುದು ಸುಲಭ.

ಸರಗೂರಿನ ಕಡೆಯವರಿಗೆ ಮಾತ್ರ ಒಂದು ಸೂಚನೆ. ಸರಗೂರು 2018ರಿಂದ ಪ್ರತ್ಯೇಕ ತಾಲ್ಲೂಕಾಗಿದೆ. ಮನೆಯಲ್ಲಿರುವ ಹಳೆಯ ಪಹಣಿ, ಕಂದಾಯ ರಸೀತಿಗಳಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕೆಂದೇ ಇರುವುದರಿಂದ ಅದನ್ನು ನೋಡಿ ಬರೆದವರ ಅರ್ಜಿಗಳು ಕೋಟೆಯ ತಹಶೀಲ್ದಾರರಿಗೆ ಹೋಗುತ್ತವೆ. ಮಳೆ ಬರಗಳ ನಷ್ಟಕ್ಕೆ ಬರೆಯುವಾಗ ಸರಗೂರಿನ ತಹಶೀಲ್ದಾರರ ವಿಳಾಸವನ್ನು ಹಾಕಿ, ಹೊಸ ಪಹಣಿಯ ನಕಲನ್ನು ತೆಗೆಯಿಸಿ ಲಗತ್ತಿಸಬೇಕು. ಉಪವಿಭಾಗಾಧಿಕಾರಿಗಳ ಕಚೇರಿಯು ಎರಡು ತಾಲ್ಲೂಕುಗಳಿಗೂ ಹುಣಸೂರಿನಲ್ಲಿಯೇ ಇದೆ.